ಅಕ್ಟೋಬರ್ ಮೊದಲು, ಸೆಪ್ಟೆಂಬರ್ ಕೊನೆಗೆ

ಸ್ತಂಭಾಲೇಖ ಬರೆಯುವುದನ್ನು ಕಲಿಸುವಾಗ ನಾವೆಲ್ಲ ಹೇಳುವ ಮಾತುಗಳು ಹೆಚ್ಚುಕಡಿಮೆ ಒಂದೇ. ಅಳತೆ ಪ್ರಮಾಣ ಬರೆಯಿರಿ, ಸ್ತಂಭಗಳ ಅಗಲ ಒಂದೇ ಇರಲಿ, ನಡುವಿನ ಅಂತರ ಸಮನಾಗಿರಲಿ, ಎರಡೂ ಅಕ್ಷಗಳಿಗೆ ಹೆಸರು ಕೊಡಿ, ಮೇಲೆ ಶೀರ್ಷಿಕೆ ಇರಲಿ. ನನ್ನ ಪಾಠ ಯೋಜನೆಯಲ್ಲೂ ಇವೇ ಇದ್ದವು. ಸ್ತಂಭಗಳನ್ನು ಯಾವ ಕ್ರಮದಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆ ಮಾತ್ರ ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಬಾರದಿರುವುದಕ್ಕೆ ಕಾರಣವೂ ಇದೆ. ನಾವು ಮೊದಲು ಕೊಡುವ ಉದಾಹರಣೆಗಳು ಮಕ್ಕಳಿಗೆ ಇಷ್ಟವಾದ ಹಣ್ಣು, ಇಷ್ಟವಾದ ಆಟ, ಶಾಲೆಗೆ ಬರುವ ವಾಹನ ಇಂಥವು. ಮಾವು ಮೊದಲೋ ಬಾಳೆ ಮೊದಲೋ ಎಂದರೆ ಯಾರು ಏನು ಹೇಳಿಯಾರು? ಹೇಗೆ ನಿಲ್ಲಿಸಿದರೂ ನಡೆಯುತ್ತದೆ. ಹೀಗೆ ಹಣ್ಣಿನ ಪಾಠದಲ್ಲಿ ಕಲಿತ 'ಹೇಗಾದರೂ ನಡೆಯುತ್ತದೆ' ಎಂಬುದು ತಿಂಗಳುಗಳ ಪಾಠಕ್ಕೂ ಹಾಗೆಯೇ ದಾಟಿಕೊಂಡು ಬರುತ್ತದೆ.

ಬೋಧನಾಭ್ಯಾಸದಲ್ಲಿ ನನಗೆ ಸಿಕ್ಕಿದ್ದು ಬೆಂಗಳೂರಿಗೆ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿ. ಬಹುತೇಕ ಮಕ್ಕಳ ಮನೆಯಲ್ಲಿ ಸ್ವಲ್ಪವಾದರೂ ಹೊಲವಿದೆ. ಹಾಗಾಗಿ ದತ್ತಾಂಶಗಳ ನಿರ್ವಹಣೆ ಘಟಕದ ಎರಡನೇ ಅವಧಿಗೆ ಮಳೆಯನ್ನೇ ಆರಿಸಿಕೊಂಡೆ. ಹವಾಮಾನ ಇಲಾಖೆಯ ಬೆಂಗಳೂರಿನ ಮೂವತ್ತು ವರ್ಷಗಳ ಮಾಸಿಕ ಸರಾಸರಿಗಳನ್ನು ತೆಗೆದುಕೊಂಡು, ಎಂಟನೇ ತರಗತಿಗೆ ಸುಲಭವಾಗಲೆಂದು ಹತ್ತರ ಸಮೀಪಕ್ಕೆ ಅಂದಾಜಿಸಿದೆ. ಮಿಲಿಮೀಟರಿನಲ್ಲಿ ಅವು ಹೀಗಿವೆ: ಜನವರಿ 0, ಫೆಬ್ರವರಿ 10, ಮಾರ್ಚ್ 10, ಏಪ್ರಿಲ್ 60, ಮೇ 130, ಜೂನ್ 110, ಜುಲೈ 120, ಆಗಸ್ಟ್ 160, ಸೆಪ್ಟೆಂಬರ್ 210, ಅಕ್ಟೋಬರ್ 190, ನವೆಂಬರ್ 60, ಡಿಸೆಂಬರ್ 20. ಜನವರಿಯಲ್ಲಿ ಮಳೆ ಪೂರ್ತಿ ಇಲ್ಲವೆಂದಲ್ಲ, ಒಂದೆರಡು ಮಿಲಿಮೀಟರ್ ಇರುತ್ತದೆ. ಅಂದಾಜಿಸಿದಾಗ ಸೊನ್ನೆಯಾಯಿತು, ಅದನ್ನು ಮಕ್ಕಳಿಗೂ ಹೇಳಿದೆ.

ಈ ಪಾಠಕ್ಕೆ ನಾನು ಬಳಸಿದ್ದು ಕಾಗದದ ಪಟ್ಟಿಗಳು. ಬರೆದ ಸ್ತಂಭವನ್ನು ಅಳಿಸಿ ಬೇರೆ ಕಡೆ ಬರೆಯುವಷ್ಟು ತಾಳ್ಮೆ ಆ ವಯಸ್ಸಿಗೆ ಇರುವುದಿಲ್ಲ. ಪಟ್ಟಿಯಾದರೆ ಎತ್ತಿ ಇಡಬಹುದು. ಎಲ್ಲ ಪಟ್ಟಿಗಳೂ 2 ಸೆಂ.ಮೀ. ಅಗಲ, ಉದ್ದ ಮಾತ್ರ 10 ಮಿ.ಮೀ. ಮಳೆಗೆ 1 ಸೆಂ.ಮೀ. ಲೆಕ್ಕದಲ್ಲಿ. ಸೆಪ್ಟೆಂಬರಿನ ಪಟ್ಟಿ 21 ಸೆಂ.ಮೀ., ಫೆಬ್ರವರಿಯದು ಒಂದೇ ಸೆಂ.ಮೀ. ಜನವರಿಗೆ ಪಟ್ಟಿಯೇ ಇಲ್ಲ, ಬರಿಯ ಒಂದು ಹೆಸರಿನ ಚೀಟಿ. (ಆ ಚೀಟಿಯನ್ನು ಬಿಟ್ಟುಬಿಡಬಾರದು. ಬಿಟ್ಟರೆ ಡಿಸೆಂಬರಿನ ಪಕ್ಕಕ್ಕೆ ಫೆಬ್ರವರಿ ಬಂದು ಕೂರುತ್ತದೆ. ಮಳೆಯಿಲ್ಲದ ತಿಂಗಳೂ ಒಂದು ತಿಂಗಳೇ.) ಆರು ಗುಂಪುಗಳಿಗೆ ಒಂದೊಂದು ಕಟ್ಟು ಪಟ್ಟಿ, ಹಳೆಯ ಕ್ಯಾಲೆಂಡರಿನ ಒಂದೊಂದು ಹಾಳೆ ಕೊಟ್ಟೆ. ಕಟ್ಟುಗಳನ್ನು ಮೊದಲೇ ಕಲಸಿಟ್ಟಿದ್ದೆ. "ನಿಮಗೆ ಯಾವ ಕ್ರಮ ಸರಿ ಅನ್ಸುತ್ತೋ ಹಾಗೆ ಜೋಡಿಸಿ, ಗೋಂದು ಮಾತ್ರ ಈಗಲೇ ಹಚ್ಚಬೇಡಿ" ಅಂದೆ.

ನಾಲ್ಕು ಗುಂಪುಗಳು ಜನವರಿಯಿಂದ ಡಿಸೆಂಬರಿಗೆ ಜೋಡಿಸಿದವು. ಒಂದು ಗುಂಪು ಎತ್ತರದ ಪ್ರಕಾರ, ಪ್ರಾರ್ಥನೆಗೆ ಸಾಲು ನಿಲ್ಲಿಸುವ ಹಾಗೆ ನಿಲ್ಲಿಸಿತು. ಇನ್ನೊಂದು ಗುಂಪು ಅಕ್ಷರಾನುಕ್ರಮವನ್ನು ಹಿಡಿಯಿತು. ಅವರನ್ನು ಕೇಳಿದಾಗ ಒಬ್ಬ ಹುಡುಗಿ, "ಹಾಜರಿ ಪುಸ್ತಕದಲ್ಲಿ ಹಂಗೇ ಅಲ್ವಾ ಮಿಸ್ ಇರೋದು" ಅಂದಳು. ಆ ಉತ್ತರದಲ್ಲಿ ತಪ್ಪೇನೂ ಇಲ್ಲ. ಹೆಸರುಗಳ ಪಟ್ಟಿ ಎಂದರೆ ಅಕ್ಷರಾನುಕ್ರಮ ಎಂದು ಶಾಲೆಯೇ ಅವಳಿಗೆ ದಿನಾ ತೋರಿಸುತ್ತಿದೆ.

ಅಕ್ಷರಾನುಕ್ರಮದ ಹಾಳೆಯನ್ನು ಎಲ್ಲರೂ ಸುತ್ತ ನಿಂತು ನೋಡಿದೆವು. ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ, ಜುಲೈ, ಜೂನ್, ಡಿಸೆಂಬರ್, ನವೆಂಬರ್, ಫೆಬ್ರವರಿ, ಮಾರ್ಚ್, ಮೇ, ಸೆಪ್ಟೆಂಬರ್. ವರ್ಣಮಾಲೆಯ ಲೆಕ್ಕದಲ್ಲಿ ಒಂದೂ ತಪ್ಪಿಲ್ಲ, 'ಜು' ಮೊದಲು 'ಜೂ' ನಂತರ ಎಂಬುದನ್ನೂ ನೋಡಿ ಜೋಡಿಸಿದ್ದರು. ಆದರೆ ಹಾಳೆಯ ಆಕಾರ ನೋಡಿ: ಎಡತುದಿಯಲ್ಲಿ 19 ಸೆಂ.ಮೀ. ಎತ್ತರ, ಅಲ್ಲಿಂದ ಇಳಿದು ಜನವರಿಯಲ್ಲಿ ಸೊನ್ನೆ, ಪಕ್ಕದಲ್ಲೇ ಜುಲೈ 12 ಸೆಂ.ಮೀ.ಗೆ ಎದ್ದು, ಮತ್ತೆ ಬಿದ್ದು, ನಾಲ್ಕು ಗಿಡ್ಡ ಪಟ್ಟಿಗಳಾದ ಮೇಲೆ ಬಲತುದಿಯಲ್ಲಿ 13, ಕೊನೆಗೆ 21. ಮಳೆ ಅತಿ ಹೆಚ್ಚು ಬೀಳುವ, ಒಂದರ ಬೆನ್ನಿಗೆ ಒಂದು ಬರುವ ಎರಡು ತಿಂಗಳುಗಳು ಹಾಳೆಯ ಎರಡು ತುದಿಗೆ ಹೋಗಿ ನಿಂತಿವೆ. ತಿಂಗಳ ಹೆಸರುಗಳನ್ನು ಕೈಯಿಂದ ಮುಚ್ಚಿ, "ಈ ಊರಿನ ಮಳೆ ಹೇಗಿದೆ?" ಎಂದು ಬೇರೆ ಗುಂಪಿನ ಹುಡುಗನನ್ನು ಕೇಳಿದೆ. "ಮೊದಲು ಜೋರು, ಆಮೇಲೆ ನಿಂತೋಗುತ್ತೆ, ಕೊನೇಲಿ ಮತ್ತೆ ಜೋರು" ಎಂದ. ಅವನು ನೋಡಿದ್ದನ್ನೇ ಹೇಳಿದ್ದಾನೆ. ಆದರೆ ಅಂಥ ಊರೇ ಇಲ್ಲ.

ಅಲ್ಲಿಂದ ಎದ್ದು ಪಕ್ಕದ ಗುಂಪಿನ ಜನವರಿ–ಡಿಸೆಂಬರ್ ಹಾಳೆಗೆ ಬಂದೆವು. ಅದೇ ಹನ್ನೊಂದು ಪಟ್ಟಿ, ಒಂದು ಚೀಟಿ. ಮಾರ್ಚ್‌ವರೆಗೆ ನೆಲಕ್ಕೆ ಅಂಟಿಕೊಂಡಿದ್ದು, ಏಪ್ರಿಲಿನಲ್ಲಿ ಎದ್ದು, ಮೇ ತಿಂಗಳಲ್ಲಿ 13 ಸೆಂ.ಮೀ. ಮುಟ್ಟುತ್ತದೆ. ಜೂನಿನಲ್ಲಿ ಸ್ವಲ್ಪ ಕುಸಿಯುತ್ತದೆ. ಜುಲೈನಿಂದ ಮತ್ತೆ ಮೆಟ್ಟಿಲು ಹತ್ತಿ ಸೆಪ್ಟೆಂಬರಿನಲ್ಲಿ ತುದಿ ತಲುಪಿ, ಅಕ್ಟೋಬರಿನಲ್ಲೂ ಹೆಚ್ಚು ಇಳಿಯದೆ, ನವೆಂಬರಿನಲ್ಲಿ ಧೊಪ್ಪನೆ ಬೀಳುತ್ತದೆ. ಒಂದು ಸಣ್ಣ ಗುಡ್ಡ, ನಡುವೆ ಒಂದು ತಗ್ಗು, ಆಮೇಲೆ ದೊಡ್ಡ ಗುಡ್ಡ.

ನಾನು ಈ ದತ್ತಾಂಶವನ್ನು ಆರಿಸಿದ್ದೇ ಆ ಮೇ–ಜೂನ್ ತಗ್ಗಿಗಾಗಿ. ಮುಂಗಾರು ಜೂನಿನಲ್ಲಿ ಶುರುವಾಗುತ್ತದೆ ಎಂದು ಸಮಾಜ ವಿಜ್ಞಾನದಲ್ಲಿ ಓದಿದ ಮಕ್ಕಳಿಗೆ, ತಮ್ಮ ಊರಿನ ಕಡೆ ಜೂನಿನಲ್ಲಿ ಮೇ ತಿಂಗಳಿಗಿಂತ ಕಡಿಮೆ ಮಳೆ ಎಂಬುದು ಒಗಟು. ಮೇ ತಿಂಗಳದ್ದು ಬಿಸಿಲಿಗೆ ಎದ್ದು ಸಂಜೆ ಗುಡುಗಿ ಸುರಿಯುವ ಮಳೆ. ಜೂನ್ ಜುಲೈನಲ್ಲಿ ಅರಬ್ಬಿ ಸಮುದ್ರದಿಂದ ಬರುವ ಗಾಳಿ ತನ್ನ ನೀರಿನ ಬಹುಪಾಲನ್ನು ಪಶ್ಚಿಮ ಘಟ್ಟದ ಆ ಕಡೆಯೇ ಸುರಿಸಿ ಬರುತ್ತದೆ, ನಮ್ಮ ಬಯಲುಸೀಮೆಗೆ ಉಳಿಯುವುದು ಜಿಟಿಜಿಟಿ. ಮುಂಗಾರು ಹಿಂದಿರುಗುವ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೆ ಗುಡುಗು ಮಳೆ ಜೋರಾಗುತ್ತದೆ. ಇಷ್ಟೆಲ್ಲ ಮಾತಿಗೆ ದಾರಿ ಮಾಡಿಕೊಟ್ಟಿದ್ದು ಎರಡು ಸೆಂ.ಮೀ. ವ್ಯತ್ಯಾಸದ ಆ ತಗ್ಗು. ಒಬ್ಬ ಹುಡುಗ, "ಅದಕ್ಕೇ ಮಿಸ್, ನಮ್ಮಪ್ಪ ಮೇ ಮಳೇಲಿ ಉತ್ತು ಬಿಟ್ಟಿರ್ತಾರೆ, ರಾಗಿ ಹಾಕೋದು ಜುಲೈ ಮೇಲೇ" ಅಂದ. ಅಕ್ಷರಾನುಕ್ರಮದ ಹಾಳೆಯಲ್ಲಿ ಮೇ ತಿಂಗಳ ಎಡಕ್ಕೆ ಮಾರ್ಚ್, ಬಲಕ್ಕೆ ಸೆಪ್ಟೆಂಬರ್. ಜೂನ್ ಐದು ಸ್ತಂಭಗಳಾಚೆ ಇದೆ. ಆ ಹಾಳೆಯಲ್ಲಿ ಈ ತಗ್ಗೇ ಇಲ್ಲ, ಹಾಗಾಗಿ ಅದರ ಬಗ್ಗೆ ಪ್ರಶ್ನೆಯೂ ಹುಟ್ಟುವುದಿಲ್ಲ.

ಎತ್ತರದ ಪ್ರಕಾರ ನಿಲ್ಲಿಸಿದ ಹಾಳೆ ನೋಡಲು ಮೂರರಲ್ಲಿ ಅತ್ಯಂತ ಚೆಂದವಾಗಿತ್ತು. ಮೇಲಿಂದ ಕೆಳಕ್ಕೆ ಒಂದೇ ಇಳಿಜಾರು. ಯಾವ ತಿಂಗಳಲ್ಲಿ ಅತಿ ಹೆಚ್ಚು, ಯಾವುದು ಎರಡನೆಯದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ಬೇರೆಯಿಲ್ಲ. ಆದರೆ ಎತ್ತರದ ಪ್ರಕಾರ ಜೋಡಿಸಿದ ಯಾವ ದತ್ತಾಂಶವೂ ಇಳಿಜಾರಾಗಿಯೇ ಕಾಣುತ್ತದೆ. ಜೂನ್ ಜುಲೈನಲ್ಲೇ ಹೆಚ್ಚಿನ ಮಳೆ ಸುರಿಯುವ ಮಂಗಳೂರಿನದನ್ನು ಹೀಗೆ ನಿಲ್ಲಿಸಿದರೂ ಇಳಿಜಾರು, ಬೆಂಗಳೂರಿನದೂ ಇಳಿಜಾರು. ಒಂದೇ ಗುಡ್ಡದ ಊರು ಯಾವುದು, ಎರಡು ಗುಡ್ಡದ ಊರು ಯಾವುದು ಎಂದು ಅದರಿಂದ ತಿಳಿಯದು.

ಇಲ್ಲಿಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಸ್ತಂಭಾಲೇಖದ ಮೇಲೆ ನಾವು ಕೇಳುವ ಪ್ರಶ್ನೆಗಳಲ್ಲಿ ಎರಡು ಜಾತಿ. ಒಂದು, ಒಂದೇ ಸ್ತಂಭವನ್ನು ನೋಡಿ ಉತ್ತರಿಸುವಂಥದು: ಆಗಸ್ಟಿನಲ್ಲಿ ಎಷ್ಟು ಮಳೆ? ಅತಿ ಹೆಚ್ಚು ಯಾವ ತಿಂಗಳು? ಇದಕ್ಕೆ ಯಾವ ಕ್ರಮವಾದರೂ ಉತ್ತರ ಕೊಡುತ್ತದೆ. ಇನ್ನೊಂದು, ಅಕ್ಕಪಕ್ಕದ ಸ್ತಂಭಗಳನ್ನು ಒಟ್ಟಿಗೆ ನೋಡಬೇಕಾದದ್ದು: ಮಳೆ ಯಾವಾಗ ಏರತೊಡಗುತ್ತದೆ? ಎಷ್ಟು ತಿಂಗಳು ಸತತವಾಗಿ 100 ಮಿ.ಮೀ. ಮೀರುತ್ತದೆ? ಏರಿದ್ದು ಎಲ್ಲಿ ಕುಸಿಯುತ್ತದೆ? ಇವಕ್ಕೆ ಉತ್ತರ ಸ್ತಂಭಗಳ ಎತ್ತರದಲ್ಲಿ ಮಾತ್ರ ಇಲ್ಲ, ಅವು ಯಾರ ಪಕ್ಕ ನಿಂತಿವೆ ಎಂಬುದರಲ್ಲೂ ಇದೆ. 100 ಮೀರಿದ ತಿಂಗಳು ಎಷ್ಟು ಎಂದರೆ ಮೂರೂ ಹಾಳೆಯವರು ಆರು ಎಂದೇ ಹೇಳಿದರು. 'ಸತತವಾಗಿ' ಎಂಬ ಪದ ಸೇರಿಸಿದ ಕೂಡಲೇ ಅಕ್ಷರಾನುಕ್ರಮದವರು ಎರಡು ಎಂದರು. ಅವರ ಹಾಳೆಯಲ್ಲಿ ಒಟ್ಟಿಗಿರುವುದು ಎರಡೆರಡೇ. ನಿಜವಾದ ಉತ್ತರ ಆರು, ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ.

ಪಾಠದ ನಂತರ ವೀಕ್ಷಣೆಗೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕಿ ಒಂದು ನೇರವಾದ ಪ್ರಶ್ನೆ ಕೇಳಿದರು. "ಎಲ್ಲ ಸರಿಯಮ್ಮ. ಆದರೆ ಪರೀಕ್ಷೆಯಲ್ಲಿ ಒಂದು ಮಗು ಅಕ್ಷರಾನುಕ್ರಮದಲ್ಲೇ ಬರೆದರೆ ಅಂಕ ಕಳೀತೀಯಾ? ಅಳತೆ ಸರಿ, ಎತ್ತರ ಸರಿ, ಅಂತರ ಸರಿ. ಸ್ತಂಭಗಳನ್ನ ಇಂಥದೇ ಕ್ರಮದಲ್ಲಿ ಬರೀಬೇಕು ಅಂತ ನೀನು ಎಲ್ಲಿ ಹೇಳಿದ್ದೀಯ?" ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಹೇಳದ ನಿಯಮಕ್ಕೆ ಅಂಕ ಕಳೆಯುವುದು ಅನ್ಯಾಯ. ಹಾಗೆಂದು ಪೂರ್ಣ ಅಂಕ ಕೊಟ್ಟು ಸುಮ್ಮನಾದರೆ, ಓದಿದರೆ ತಪ್ಪು ತಿಳಿಸುವ ಚಿತ್ರಕ್ಕೆ ಶಹಬ್ಬಾಸ್ ಹೇಳಿದಂತೆ. ನಾನು ಮಾಡಿದ್ದು ಇಷ್ಟು. ಘಟಕ ಪರೀಕ್ಷೆಯಲ್ಲಿ ಆಲೇಖ ಬರೆಯುವುದಕ್ಕೆ ಮೂರು ಅಂಕ ಇಟ್ಟು, ಅದನ್ನು ಅಳತೆ, ಎತ್ತರ, ಹೆಸರುಗಳಿಗೆ ಹಂಚಿದೆ. ಕ್ರಮಕ್ಕೆ ಏನೂ ಕಳೆಯಲಿಲ್ಲ. ಅದರ ಕೆಳಗೆ ಇನ್ನೆರಡು ಅಂಕದ ಪ್ರಶ್ನೆ: "ನೀವು ಬರೆದ ಆಲೇಖ ನೋಡಿ, ಮಳೆ ವರ್ಷದಲ್ಲಿ ಹೇಗೆ ಏರಿಳಿಯುತ್ತದೆ ಎಂದು ಎರಡು ವಾಕ್ಯದಲ್ಲಿ ಬರೆಯಿರಿ." ಕ್ರಮ ಕೆಟ್ಟ ಆಲೇಖ ಬರೆದವರು ಇಲ್ಲಿ ತಾವಾಗಿಯೇ ತಡವರಿಸುತ್ತಾರೆ. ಆ ಹಾಜರಿ ಪುಸ್ತಕದ ಹುಡುಗಿ ಮೊದಲು ಬರೆದ ಸ್ತಂಭಗಳ ಕೆಳಗಿನ ಹೆಸರುಗಳನ್ನು ಹೊಡೆದುಹಾಕಿ, ಪಕ್ಕದ ಪುಟದಲ್ಲಿ ಜನವರಿಯಿಂದ ಬರೆದಿದ್ದಳು. ಮಾರ್ಗದರ್ಶಕರು ಮಾತ್ರ ಈಗಲೂ ಪೂರ್ತಿ ಒಪ್ಪಿಲ್ಲ. "ಎರಡು ಅಂಕದ ಉತ್ತರವನ್ನ ಮಕ್ಕಳು ಗಾಳಿಯಲ್ಲಿ ಬರೀತಾರೆ, ಆಲೇಖ ನೋಡೋದೇ ಇಲ್ಲ" ಎಂಬುದು ಅವರ ಅನುಭವ. ಅದಕ್ಕೇ ಎರಡನೇ ಬಾರಿ ಪ್ರಶ್ನೆಯಲ್ಲಿ ಊರಿನ ಹೆಸರು ತೆಗೆದು 'ಒಂದು ಊರು' ಎಂದಷ್ಟೇ ಕೊಟ್ಟೆ.

ಶಾಲೆಯ ಇಂಗ್ಲಿಷ್ ಮಾಧ್ಯಮ ವಿಭಾಗದಲ್ಲಿ ಪಾಠ ಮಾಡುತ್ತಿದ್ದ ನನ್ನ ಸಹಪಾಠಿಗೆ ಇದೇ ಪಟ್ಟಿಗಳನ್ನು ಕೊಟ್ಟೆ. ಅವರು ಬೇಕೆಂದೇ ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಜೋಡಿಸಿ ತಂದರು. ಅಲ್ಲಿ ಮೊದಲು ಏಪ್ರಿಲ್, ಆಮೇಲೆ ಆಗಸ್ಟ್, ಡಿಸೆಂಬರ್. ಕೊನೆಗೆ ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್. ನಮ್ಮ ಹಾಳೆಯಲ್ಲಿ ಎರಡು ತುದಿಗೆ ಹೋಗಿದ್ದ ಅಕ್ಟೋಬರ್ ಸೆಪ್ಟೆಂಬರ್‌ಗಳು ಇಲ್ಲಿ ಬಲತುದಿಯಲ್ಲಿ ಒಟ್ಟಿಗಿವೆ, ಹಿಂದುಮುಂದಾಗಿ. ಎರಡೂ ಹಾಳೆಗಳನ್ನು ಒಂದರ ಕೆಳಗೊಂದು ಇಟ್ಟಾಗ ಮಕ್ಕಳು ನಕ್ಕರು. ಅದೇ ಊರು, ಅದೇ ಮಳೆ, ಲಿಪಿ ಬದಲಾದರೆ ಗುಡ್ಡ ಬೇರೆ ಕಡೆ. ಅಲ್ಲಿ ಕಂಡ ಆಕಾರ ಮಳೆಯದಲ್ಲ, ವರ್ಣಮಾಲೆಯದು ಎಂದು ತೋರಿಸಲು ನನಗೆ ಇದಕ್ಕಿಂತ ಸುಲಭದ ದಾರಿ ಸಿಕ್ಕಿಲ್ಲ.

ಕೈಯಲ್ಲಿ ಬರೆಯುವಾಗ ಹೀಗಾಗುವುದು ಅಪರೂಪ ಎನ್ನಬಹುದು, ಆರು ಗುಂಪಿನಲ್ಲಿ ಒಂದು. ಗಣಕಯಂತ್ರದಲ್ಲಿ ಹಾಗಲ್ಲ. ಸ್ಪ್ರೆಡ್‌ಶೀಟಿನಲ್ಲಿ ಕೋಷ್ಟಕವನ್ನು ಆರಿಸಿ Sort A to Z ಒತ್ತಿದರೆ ಅದಕ್ಕೆ ತಿಂಗಳೂ ಒಂದೇ, ಹಣ್ಣೂ ಒಂದೇ. ಎಕ್ಸೆಲ್‌ನಲ್ಲಿ ಇಂಗ್ಲಿಷ್ ತಿಂಗಳ ಹೆಸರುಗಳ ಪಟ್ಟಿ ಮೊದಲೇ ಇರುತ್ತದೆ. Sort ಪೆಟ್ಟಿಗೆಯ Order ಎಂಬಲ್ಲಿ Custom List ಆರಿಸಿದರೆ ಅದು ಸಿಗುತ್ತದೆ. ನಾವು ಕನ್ನಡದಲ್ಲಿ ಬರೆದ 'ಫೆಬ್ರವರಿ' ಆ ಪಟ್ಟಿಯಲ್ಲಿಲ್ಲ, ನಾವೇ ಸೇರಿಸಬೇಕು. ಅದಕ್ಕಿಂತ ಸರಳ ಉಪಾಯ ಎಂದರೆ ತಿಂಗಳ ಪಕ್ಕದಲ್ಲಿ 'ಕ್ರಮ' ಎಂದು ಒಂದು ಕಾಲಂ ಮಾಡಿ 1ರಿಂದ 12 ಬರೆದು, ಆ ಕಾಲಂ ಪ್ರಕಾರ ವಿಂಗಡಿಸುವುದು. ಆಗ ಇಡೀ ಕೋಷ್ಟಕ ಆಯ್ಕೆಯಾಗಿದೆಯೇ ಎಂದು ನೋಡಿಕೊಳ್ಳಿ. ಒಂದೇ ಕಾಲಂ ವಿಂಗಡಣೆಯಾದರೆ ತಿಂಗಳು ಒಂದು ಕಡೆ, ಮಳೆ ಒಂದು ಕಡೆ ಆಗುತ್ತದೆ. ಮೊತ್ತ ನೋಡಿ ಇದನ್ನು ಹಿಡಿಯಲಾಗದು, ಮೊತ್ತ ಆಗಲೂ 1080 ಇರುತ್ತದೆ. ಜನವರಿಯ ಮುಂದೆ 0, ಸೆಪ್ಟೆಂಬರಿನ ಮುಂದೆ 210 ಇದೆಯೇ ಎಂದು ನೋಡಿದರೆ ಸಾಕು.

ವಯಸ್ಸಿನ ಗುಂಪುಗಳಲ್ಲಿ ಇದು ಇನ್ನೂ ಸೂಕ್ಷ್ಮ, ಏಕೆಂದರೆ ಅಲ್ಲಿ ಅಂಕಿಗಳೇ ಇರುವುದರಿಂದ ಕ್ರಮ ತಪ್ಪಲಾರದು ಎಂದು ನಾವು ನಂಬಿರುತ್ತೇವೆ. 2011ರ ಜನಗಣತಿಯ ಐದೈದು ವರ್ಷದ ಗುಂಪುಗಳನ್ನು ತೆಗೆದುಕೊಳ್ಳಿ. 0–4, 5–9, 10–14 ಹೀಗೆ ಹೋಗಿ ಕೊನೆಗೆ 80ಕ್ಕೆ ಮೇಲ್ಪಟ್ಟವರು. ಯಂತ್ರ ಇವನ್ನು ಸಂಖ್ಯೆ ಎಂದಲ್ಲ, ಅಕ್ಷರಗಳ ಸರಣಿ ಎಂದು ಓದಿ, ಎಡದ ಮೊದಲ ಅಂಕಿಯಿಂದ ಹೋಲಿಸುತ್ತದೆ. ಹಾಗಾಗಿ 0–4 ಆದ ಕೂಡಲೇ 10–14 ಬರುತ್ತದೆ. 5–9 ಐದರಿಂದ ಶುರುವಾಗುವ ಕಾರಣ ಐವತ್ತರವರ ಮಗ್ಗುಲಿಗೆ ಹೋಗಿ ಕೂರುತ್ತದೆ. ಮಿಕ್ಕ ಗುಂಪುಗಳೆಲ್ಲ ಸರಿಯಾದ ಜಾಗದಲ್ಲೇ ಇರುವುದರಿಂದ ಈ ಒಂದು ಕಣ್ಣಿಗೆ ಬೀಳದೆ ಹೋಗಬಹುದು. ಇದರಿಂದ ಏನು ಹೋಯಿತು ಎಂದರೆ, ಭಾರತದ ಆ ಗಣತಿಯಲ್ಲಿ 10–14ರವರು ಸುಮಾರು 13.3 ಕೋಟಿ, 5–9ರವರು 12.7 ಕೋಟಿ, 0–4ರವರು 11.3 ಕೋಟಿ. ಚಿಕ್ಕ ವಯಸ್ಸಿಗೆ ಇಳಿದಂತೆ ಸ್ತಂಭ ಗಿಡ್ಡವಾಗುತ್ತಾ ಬರುವ ಈ ಮೂರು ಮೆಟ್ಟಿಲೇ ದೇಶದಲ್ಲಿ ಜನನ ಕಡಿಮೆಯಾಗುತ್ತಿದೆ ಎಂಬುದನ್ನು ತೋರಿಸುವ ಜಾಗ. ನಡುವಿನ ಮೆಟ್ಟಿಲನ್ನು ಕಿತ್ತು, 4.9 ಕೋಟಿಯ 50–54ರ ಆಸುಪಾಸಿನಲ್ಲಿ ನೆಟ್ಟರೆ, ಐವತ್ತರ ಸುತ್ತಮುತ್ತ ಏನೋ ವಿಶೇಷ ನಡೆದಂತೆ ಒಂದು ಗೋಪುರ ಏಳುತ್ತದೆ.

5–9 ಇನ್ನೊಂದು ತಂಟೆಯನ್ನೂ ಮಾಡುತ್ತದೆ. ಅದನ್ನು 5-9 ಎಂದು ಟೈಪಿಸಿದರೆ ನಮ್ಮ ದೇಶದ ದಿನಾಂಕ ಪದ್ಧತಿಯಿರುವ ಯಂತ್ರದಲ್ಲಿ ಅದು ಸೆಪ್ಟೆಂಬರ್ 5 ಆಗಿಬಿಡುತ್ತದೆ. ಶಿಕ್ಷಕರ ದಿನಾಚರಣೆ! ಮಕ್ಕಳಿಗೆ ಇದು ಬಹಳ ಇಷ್ಟವಾಯಿತು. ಕೋಶಗಳನ್ನು ಮೊದಲೇ Text ಎಂದು ಮಾಡಿಕೊಂಡರೆ ಅಥವಾ '5ರಿಂದ 9' ಎಂದು ಬರೆದರೆ ಈ ತೊಂದರೆಯಿಲ್ಲ. ವಿಂಗಡಿಸಲು ಇಲ್ಲೂ ಒಂದು ಕ್ರಮದ ಕಾಲಂ ಬೇಕು. ಗುಂಪಿನ ಕೆಳಮಿತಿಯನ್ನೇ, ಅಂದರೆ 0, 5, 10 ಎಂದು ಬರೆದುಕೊಂಡರೆ ಸಾಕು. ವಯಸ್ಸು ತಿಳಿಸದವರು ಎಂಬ ಗುಂಪೂ ಗಣತಿಯಲ್ಲಿದೆ. ಅದಕ್ಕೆ ಸಹಜ ಜಾಗವಿಲ್ಲ, ಎಲ್ಲರ ಕೊನೆಗೆ, ಸ್ವಲ್ಪ ಬಿಟ್ಟು ನಿಲ್ಲಿಸುವುದು ಒಳ್ಳೆಯದು.

ಅಕ್ಷರಾನುಕ್ರಮಕ್ಕೆ ಜಾಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ರಾಜ್ಯದ 31 ಜಿಲ್ಲೆಗಳ ಆಲೇಖದಲ್ಲಿ ಓದುವವರು ಮೊದಲು ಹುಡುಕುವುದು ತಮ್ಮ ಜಿಲ್ಲೆಯನ್ನು. ಅಲ್ಲಿ ಅದು ಉಪಕಾರಿ, ಎತ್ತರದ ಕ್ರಮವೂ ಆಗಬಹುದು. ಹಣ್ಣು, ಆಟಗಳಿಗೆ ಎತ್ತರದ ಕ್ರಮ ಚೆನ್ನು. ಆದರೆ ಒಂದರ ನಂತರ ಒಂದು ಬರುವ ಸ್ವಭಾವ ವಸ್ತುವಿನಲ್ಲೇ ಇದ್ದಾಗ ಅದನ್ನು ಕದಲಿಸಬಾರದು. ತರಗತಿಯಲ್ಲಿ ಒಬ್ಬಳು ತನ್ನ ಅಜ್ಜಿ ತಿಂಗಳ ಲೆಕ್ಕವನ್ನೇ ಹೇಳುವುದಿಲ್ಲ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ ಎಂದೇ ಮಳೆಯನ್ನು ಎಣಿಸುತ್ತಾರೆ ಎಂದಳು. ಅಜ್ಜಿಗೆ ಆರಿದ್ರದ ಪಕ್ಕ ಆಶ್ಲೇಷ ಬರೆದು ತೋರಿಸಿದರೆ ನಡುವಿನ ಎರಡು ಮಳೆ ಎಲ್ಲಿ ಹೋಯಿತೆಂದು ಕೇಳುತ್ತಾರೆ.

ಉಳಿದದ್ದು ಎಲ್ಲಿಂದ ಶುರು ಮಾಡಬೇಕು ಎಂಬುದು. ವಯಸ್ಸಿಗೆ ಸೊನ್ನೆಯಿದೆ, ತಿಂಗಳುಗಳಿಗೆ ಇಲ್ಲ, ಅವು ಚಕ್ರ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಬೆಂಗಳೂರಿನ ಮಳೆಯನ್ನು ಜನವರಿಯಲ್ಲಿ ಕತ್ತರಿಸಿದರೆ ನಷ್ಟವಿಲ್ಲ, ಒಣ ತಿಂಗಳುಗಳು ಎರಡು ಅಂಚಿಗೆ ಹೋಗುತ್ತವೆ. ಶಾಲೆಯ ಹಾಜರಾತಿಗೆ ಅದು ಸಲ್ಲದು. ಜನವರಿಯಿಂದ ಬರೆದರೆ ಹಿಂದಿನ ತರಗತಿಯ ಬಾಲವೂ ಹೊಸ ತರಗತಿಯ ತಲೆಯೂ ಒಂದೇ ಆಲೇಖಕ್ಕೆ ಬರುತ್ತವೆ, ನಡುವೆ ರಜೆಯ ಹಳ್ಳ. ಅದನ್ನು ಜೂನಿನಿಂದ ಬರೆಸಿದೆ. ಆಯವ್ಯಯದ ಲೆಕ್ಕವಾದರೆ ಏಪ್ರಿಲಿನಿಂದ. ಹಾಗಾಗಿ ಇಂಗ್ಲಿಷ್ ಆಲೇಖವೊಂದು ಏಪ್ರಿಲಿನಿಂದ ಶುರುವಾಗಿದೆ ಎಂದ ಮಾತ್ರಕ್ಕೆ ಅದು ಅಕ್ಷರಾನುಕ್ರಮವೆಂದು ಹೇಳಬೇಡಿ ಎಂದು ಮಕ್ಕಳಿಗೆ ಹೇಳಿದ್ದೇನೆ. ಎರಡನೇ ಸ್ತಂಭ ನೋಡಬೇಕು: ಮೇ ಇದ್ದರೆ ಅದು ಹಣಕಾಸು ವರ್ಷ, ಆಗಸ್ಟ್ ಇದ್ದರೆ ಅಕ್ಷರಮಾಲೆ.